ಯಾರು ಯಾರಿಗೆ ವರದಿ ಕೊಡಬೇಕು?



2017ರ ರಾಜ್ಯ ಬಜೆಟ್ಟಿನಲ್ಲಿ ಮಾನ್ವಿಯ ಸಿರವಾರವನ್ನು ಹೊಸ ತಾಲೂಕೆಂದು ಘೋಷಿಸಿದರು. ಕಚೇರಿ ಬದಲಾಗುವಾಗ "ನಮ್ಮ ಕೆಲಸ ಹೋಗ್ತದಂತೆ" ಎಂಬ ಗಾಳಿಸುದ್ದಿ ಏಳುವುದು ಸಹಜ. ಒಕ್ಕೂಟದೊಳಗೆ ಜವಾಬ್ದಾರಿ ಬದಲಿಸಿದರೂ ಹೀಗೆಯೇ.

ಒಂದು ಉದಾಹರಣೆ ನೋಡೋಣ. ದೇವದುರ್ಗದ ಒಂದು ಪಂಚಾಯಿತಿ ಒಕ್ಕೂಟದಲ್ಲಿ ಕೃಷಿ ಸಖಿ ಇಷ್ಟು ದಿನ ಅಧ್ಯಕ್ಷರಿಗೆ ವರದಿ ಕೊಡುತ್ತಿದ್ದಳು, ಇನ್ನು ಮುಖ್ಯ ಪುಸ್ತಕ ಬರಹಗಾರರಿಗೆ ಕೊಡಬೇಕು ಎಂದಿಟ್ಟುಕೊಳ್ಳಿ. ಮೊದಲು ಅವರಿಬ್ಬರನ್ನೇ ಕೂಡಿಸಿ ಕಾರಣ ಹೇಳಬೇಕು. ಅದೇ ದಿನ ಉಳಿದವರಿಗೂ ತಿಳಿಸಬೇಕು. ತಡವಾದರೆ ಅರ್ಧ ಸುದ್ದಿಯೇ ಊರು ಸುತ್ತುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಬರೆದು ಹಚ್ಚಿರಿ: ಯಾವ ದಿನದಿಂದ, ದಿನದ ಕೆಲಸ ಹೇಳುವವರು ಯಾರು, ರಜೆ ಕೊಡುವವರು ಯಾರು. ಪುಸ್ತಕ ಬರಹಗಾರರ ಮೇಲೆಯೇ ದೂರಿದ್ದರೆ ಯಾರ ಹತ್ತಿರ ಹೋಗಬೇಕೆಂಬುದನ್ನೂ ಬರೆಯಿರಿ. ಸಂಘದ ಪಾಸ್‌ಬುಕ್, ಸಾಲದ ಕಂತು ಬದಲಾಗುವುದಿಲ್ಲ ಎಂದೂ ಸೇರಿಸಿರಿ. ಗೌರವಧನ ತೀರ್ಮಾನವಾಗದಿದ್ದರೆ ಸುಳ್ಳು ಭರವಸೆ ಬೇಡ. ಯಾವ ಸಭೆಯಲ್ಲಿ ಹೇಳುತ್ತೀರೆಂದು ತಿಳಿಸಿರಿ.

ಹದಿನೈದು ದಿನ ಬಿಟ್ಟು ಒಬ್ಬೊಬ್ಬರನ್ನೇ ಕೇಳಿರಿ: "ರಜೆ ಬೇಕಾದ್ರೆ ಯಾರ್ನ ಕೇಳ್ತೀಯವ್ವಾ?" ಉತ್ತರ ಎರಡು ಬಂದರೆ ಮತ್ತೆ ಕೂತು ಹೇಳಬೇಕೆಂದೇ ಅರ್ಥ.