ಒಂದು ಬಸ್ಸು, ಎರಡು ಕಾಯ್ದೆ

ಮದುವೆ ದಿಬ್ಬಣಕ್ಕೋ ಯಾತ್ರೆಗೋ ಇಡೀ ಬಸ್ಸನ್ನು ಬಾಡಿಗೆಗೆ ಹಿಡಿದರೆ ಅದು ಕಾಂಟ್ರಾಕ್ಟ್ ಕ್ಯಾರೇಜ್. ದಾರಿಯುದ್ದಕ್ಕೂ ಟಿಕೆಟ್ ಕೊಟ್ಟು ಜನರನ್ನು ಹತ್ತಿಸಿ ಇಳಿಸಿದರೆ ಸ್ಟೇಜ್ ಕ್ಯಾರೇಜ್. ಮೊದಲನೆಯದರ ಪರ್ಮಿಟ್ ಇಟ್ಟುಕೊಂಡು ಎರಡನೆಯದರ ವ್ಯಾಪಾರ ಮಾಡುವುದು ಹಳೆಯ ಚಾಳಿ. 1976ರಲ್ಲಿ ಕರ್ನಾಟಕ ಸರ್ಕಾರ ಇದಕ್ಕೆ ಕಂಡುಕೊಂಡ ಮದ್ದು ಬಲು ಕಟುವಾಗಿತ್ತು. ಕಾಂಟ್ರಾಕ್ಟ್ ಕ್ಯಾರೇಜುಗಳ ಸ್ವಾಧೀನ ಕಾಯ್ದೆ ತಂದು, ಖಾಸಗಿಯವರ ಬಸ್ಸುಗಳನ್ನೂ ಪರ್ಮಿಟ್ಟುಗಳನ್ನೂ ವಶಪಡಿಸಿಕೊಂಡು ಕೆಎಸ್‌ಆರ್‌ಟಿಸಿಗೆ ಕೊಟ್ಟಿತು. ಇನ್ನು ಮುಂದೆ ಖಾಸಗಿಯವರು ಈ ಪರ್ಮಿಟ್ಟಿಗೆ ಅರ್ಜಿಯನ್ನೇ ಹಾಕುವಂತಿಲ್ಲ ಎಂದಿತು. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು.

ಮಾಲೀಕರು ಕೋರ್ಟಿಗೆ ಹೋದರು. ಅವರ ವಾದಗಳಲ್ಲಿ ಒಂದು ಹೀಗಿತ್ತು: ವಶಪಡಿಸಿಕೊಂಡ ಬಸ್ಸುಗಳಲ್ಲಿ ಕೆಲವು ಪಕ್ಕದ ರಾಜ್ಯಗಳಿಗೂ ಓಡುತ್ತಿದ್ದವು, ಅಂತರರಾಜ್ಯ ವ್ಯಾಪಾರ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿದೆ, ಅದನ್ನು ಮುಟ್ಟಲು ರಾಜ್ಯಕ್ಕೆ ಅಧಿಕಾರವೆಲ್ಲಿದೆ? 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಒಪ್ಪಲಿಲ್ಲ. ಈ ಕಾಯ್ದೆಯ ತಿರುಳು ಆಸ್ತಿ ಸ್ವಾಧೀನ. ಅದು ಕೇಂದ್ರ ಮತ್ತು ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯ ವಿಷಯ. ಆ ಕೆಲಸ ಮಾಡುವಾಗ ಅಂತರರಾಜ್ಯ ಸಂಚಾರಕ್ಕೆ ಒಂದಿಷ್ಟು ತಾಗಿದರೆ ಅದು ಪ್ರಾಸಂಗಿಕ, ಅಷ್ಟಕ್ಕೇ ಕಾಯ್ದೆ ಬೀಳುವುದಿಲ್ಲ ಎಂದಿತು. ವಕೀಲರು ‘ಪಿತ್ ಅಂಡ್ ಸಬ್‌ಸ್ಟೆನ್ಸ್’ ಎನ್ನುವುದು ಇದನ್ನೇ. ಕಾಯ್ದೆಯ ಹೆಸರನ್ನಾಗಲಿ ಬಿಡಿ ಕಲಮನ್ನಾಗಲಿ ಹಿಡಿದು ತೀರ್ಮಾನಿಸದೆ, ಅದರ ಉದ್ದೇಶ, ವ್ಯಾಪ್ತಿ, ಪರಿಣಾಮಗಳನ್ನು ಒಟ್ಟಾಗಿ ನೋಡಿ ಅದು ನಿಜಕ್ಕೂ ಯಾವ ವಿಷಯದ ಕಾಯ್ದೆ ಎಂದು ಕೇಳುವುದು. ಈ ರಿಯಾಯಿತಿ ಇಲ್ಲದಿದ್ದರೆ ಯಾವ ರಾಜ್ಯದ ಕಾಯ್ದೆಯೂ ಉಳಿಯುತ್ತಿರಲಿಲ್ಲ. ಮೂರು ಪಟ್ಟಿಗಳ ವಿಷಯಗಳು ಕಾಗದದ ಮೇಲಷ್ಟೇ ಬೇರೆಬೇರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಸತ್ತು ಹೊಸ ಮೋಟಾರು ವಾಹನ ಕಾಯ್ದೆ ಮಾಡಿತು. ಅದು 1989ರ ಜುಲೈ 1ರಂದು ಜಾರಿಗೆ ಬಂತು. ಪರ್ಮಿಟ್ ಕೊಡುವುದರಲ್ಲಿ ಅದು ಧಾರಾಳಿ: ಅರ್ಜಿಗಳನ್ನು ಸಾಮಾನ್ಯವಾಗಿ ತಿರಸ್ಕರಿಸಬಾರದು ಎಂದು 80ನೇ ಕಲಂ ಹೇಳುತ್ತದೆ. ಖಾಸಗಿಯವರು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ ಕೇಳಿದರು. ರಾಜ್ಯದ ಕಾಯ್ದೆ ಅಡ್ಡ ನಿಂತಿತು.

ಈಗಿನ ಪ್ರಶ್ನೆಯೇ ಬೇರೆ. ಕಾಯ್ದೆ ಮಾಡುವ ಅಧಿಕಾರ ರಾಜ್ಯಕ್ಕೆ ಇತ್ತು ಎಂಬುದು ಇತ್ಯರ್ಥವಾಗಿತ್ತು. ಆದರೆ ಸಮವರ್ತಿ ಪಟ್ಟಿಯ ವಿಷಯದಲ್ಲಿ ಎರಡೂ ಕಡೆಯ ಕಾಯ್ದೆಗಳು ಡಿಕ್ಕಿ ಹೊಡೆದರೆ 254ನೇ ವಿಧಿಯ ಪ್ರಕಾರ ಸಂಸತ್ತಿನದೇ ಮೇಲುಗೈ. ರಾಜ್ಯದ ಕಾಯ್ದೆ ಘರ್ಷಣೆಯ ಮಟ್ಟಿಗೆ ಅಸಿಂಧು. ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯ್ದೆಗೆ ಇದರಿಂದ ವಿನಾಯಿತಿ ಉಂಟಲ್ಲ ಎಂದು ಹಲವರು ಭಾವಿಸುತ್ತಾರೆ. ಉಂಟು, ಆದರೆ ಆ ರಕ್ಷಣೆ ಮೊದಲೇ ಇದ್ದ ಕೇಂದ್ರ ಕಾಯ್ದೆಯ ಎದುರು ಮಾತ್ರ. 1976ರ ಅಂಕಿತ 1939ರ ಮೋಟಾರು ವಾಹನ ಕಾಯ್ದೆಯ ಎದುರು ಗುರಾಣಿಯಾಗಿತ್ತು. ಅಂಕಿತ ಸಿಕ್ಕ ಮೇಲೂ ಅದೇ ವಿಷಯದಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಬಹುದು ಎಂದು ಅದೇ ವಿಧಿ ಹೇಳುವುದರಿಂದ 1988ರ ಕಾಯ್ದೆಯ ಎದುರು ಅದು ನೆರವಿಗೆ ಬರುವಂತಿರಲಿಲ್ಲ.

ಹಾಗಾಗಿ ಎಲ್ಲವೂ ‘ಅದೇ ವಿಷಯ’ ಎಂಬ ಮಾತಿನ ಮೇಲೆ ನಿಂತಿತು. 1990ರ ಫೆಬ್ರವರಿಯಲ್ಲಿ ವಿಜಯ್ ಕುಮಾರ್ ಶರ್ಮಾ ಪ್ರಕರಣದ ತೀರ್ಪು ಬಂದಾಗ ಮೂವರು ನ್ಯಾಯಮೂರ್ತಿಗಳು ಎರಡಾಗಿ ಒಡೆದಿದ್ದರು. ರಂಗನಾಥ ಮಿಶ್ರಾ ಮತ್ತು ಪಿ.ಬಿ. ಸಾವಂತ್ ಇಲ್ಲಿಯೂ ತಿರುಳನ್ನೇ ನೋಡಿದರು. ರಾಜ್ಯದ್ದು ಆಸ್ತಿ ಸ್ವಾಧೀನದ ಕಾಯ್ದೆ, ಸಮವರ್ತಿ ಪಟ್ಟಿಯ 42ನೇ ನಮೂದು. ಕೇಂದ್ರದ್ದು ಯಂತ್ರಚಾಲಿತ ವಾಹನಗಳ ನಿಯಂತ್ರಣ, 35ನೇ ನಮೂದು. ವಿಷಯಗಳೇ ಬೇರೆಯಾದ ಮೇಲೆ ಘರ್ಷಣೆ ಎಲ್ಲಿಯದು? ಕೆ. ರಾಮಸ್ವಾಮಿ ಒಪ್ಪಲಿಲ್ಲ. ಒಂದು ಕಾಯ್ದೆ ಪರ್ಮಿಟ್ ಕೇಳುವ ಹಕ್ಕು ಕೊಡುತ್ತದೆ, ಇನ್ನೊಂದು ಕಸಿಯುತ್ತದೆ. ನಮೂದಿನ ಸಂಖ್ಯೆ ಬೇರೆ ಎಂದ ಮಾತ್ರಕ್ಕೆ ಈ ವಿರೋಧ ಮಾಯವಾಗದು ಎಂಬುದು ಅವರ ನಿಲುವು.

ಬಹುಮತದ ತೀರ್ಪೇ ಕಾನೂನಾಯಿತು, ಕೆಎಸ್‌ಆರ್‌ಟಿಸಿಯ ಏಕಸ್ವಾಮ್ಯ ಉಳಿಯಿತು. ಆದರೂ ನನಗೆ ಭಿನ್ನಮತವೇ ಹೆಚ್ಚು ಸರಿ ಎನ್ನಿಸುತ್ತದೆ. ಅಧಿಕಾರವಿದೆಯೇ ಎಂದು ಕೇಳುವಾಗ ತಿರುಳು ನೋಡುವುದು ನ್ಯಾಯ. ಅಲ್ಲಿ ಕಾಯ್ದೆಯ ಮೂಲ ಹುಡುಕುತ್ತಿರುತ್ತೇವೆ. ಎರಡು ಕಾಯ್ದೆಗಳು ಒಟ್ಟಿಗೆ ಬಾಳಬಲ್ಲವೇ ಎಂದು ಕೇಳುವಾಗ ನೋಡಬೇಕಾದ್ದು ಅವು ಕೊಡುವ ಆದೇಶಗಳನ್ನು. ಆರ್‌ಟಿಒ ಕಚೇರಿಯ ಅಧಿಕಾರಿ ಒಂದೇ ಅರ್ಜಿಯನ್ನು ಸ್ವೀಕರಿಸಲೂಬೇಕು, ಸ್ವೀಕರಿಸಲೂಬಾರದು ಎಂದಾದಾಗ ಎರಡನ್ನೂ ಪಾಲಿಸುವುದು ಹೇಗೆ?

ಕೊನೆಗೆ ಗಂಟು ಬಿಡಿಸಿದ್ದು ರಾಜ್ಯದ ಶಾಸಕಾಂಗವೇ. 2003ರಲ್ಲಿ ಅದು 1976ರ ಕಾಯ್ದೆಯನ್ನು ರದ್ದು ಮಾಡಿತು. ಆ ರದ್ದತಿಯ ಮೇಲೂ ವ್ಯಾಜ್ಯ ನಡೆಯಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.