ಫೋಟೊದಲ್ಲಿ ಬಂದ ಲೆಕ್ಕ: k ಎಷ್ಟಾದರೆ ಮೂಲಗಳು ಸಮ?

ಹತ್ತನೇ ತರಗತಿಯ ಮಕ್ಕಳು ಗಣಿತದ ಮೇಷ್ಟ್ರಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಫೋಟೊಗಳಲ್ಲಿ ಒಂದು ಬಗೆಯ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ವರ್ಗಸಮೀಕರಣದೊಳಗೆ k ಎಂಬ ಅಕ್ಷರವೊಂದು ಕೂತಿರುತ್ತದೆ. ಮೂಲಗಳು ಸಮವಾಗಬೇಕಾದರೆ k ಬೆಲೆ ಎಷ್ಟು ಎಂಬುದು ಪ್ರಶ್ನೆ. ಇಂಥದ್ದೊಂದನ್ನು ನೋಡೋಣ:

(k + 1)x² − 2(k − 1)x + 1 = 0

ax² + bx + c = 0 ಎಂಬ ಸಮೀಕರಣದ ಮೂಲಗಳನ್ನು ಸೂತ್ರ ಹಾಕಿ ಹುಡುಕುವಾಗ b² − 4ac ಎಂಬುದರ ವರ್ಗಮೂಲವನ್ನು ಒಮ್ಮೆ ಕೂಡುತ್ತೇವೆ, ಒಮ್ಮೆ ಕಳೆಯುತ್ತೇವೆ. ಎರಡು ಮೂಲಗಳು ಬೇರೆಯಾಗುವುದು ಅಲ್ಲಿಯೇ. ಅದು ಸೊನ್ನೆಯಾದರೆ ಕೂಡಿದರೂ ಕಳೆದರೂ ಒಂದೇ, ಮೂಲಗಳು ಸಮ. ಈ b² − 4ac ಯನ್ನೇ ಶೋಧಕ ಎನ್ನುತ್ತಾರೆ. ಹಾಗಾಗಿ x ಎಷ್ಟೆಂದು ಹುಡುಕುವ ಗೋಜಿಲ್ಲದೆ k ಸಿಗುತ್ತದೆ.

ನಮ್ಮ ಲೆಕ್ಕದಲ್ಲಿ a = k + 1, b = −2(k − 1), c = 1. ಶೋಧಕ 4(k − 1)² − 4(k + 1). ಬಿಡಿಸಿದರೆ 4(k² − 3k). ಇದು ಸೊನ್ನೆಯಾಗಲು k = 0 ಅಥವಾ k = 3. ಸೊನ್ನೆ ಬಂತೆಂದು ಗಾಬರಿಯಿಂದ ಹೊಡೆದುಹಾಕುವವರಿದ್ದಾರೆ. ಬಿಡಬೇಕಾದದ್ದು a ಯನ್ನು ಸೊನ್ನೆ ಮಾಡುವ ಬೆಲೆಯನ್ನು ಮಾತ್ರ. ಇಲ್ಲಿ ಅದು −1. k = 0 ಹಾಕಿದರೆ x² + 2x + 1 = 0, ಎರಡೂ ಮೂಲಗಳು −1. k = 3 ಹಾಕಿದರೆ 4x² − 4x + 1 = 0, ಎರಡೂ ½. ಎರಡು ಉತ್ತರವೂ ಸರಿ.

ಫೋಟೊದ ತೊಡಕು ಇರುವುದು ಚಿಹ್ನೆಗಳಲ್ಲಿ. ಮಂದ ಬೆಳಕಿನಲ್ಲಿ ಕೊನೆಯ +1 ಎಂಬುದು −1 ಎಂದು ಕಂಡಿತು ಎನ್ನಿ. ಆಗ ಶೋಧಕ 4(k² − k + 2) ಆಗುತ್ತದೆ. ಯಾವ ವಾಸ್ತವ ಸಂಖ್ಯೆ ಹಾಕಿದರೂ ಇದು ಸೊನ್ನೆಯಾಗದು. ‘k ಕಂಡುಹಿಡಿಯಿರಿ’ ಎಂದ ಪ್ರಶ್ನೆಗೆ k ಇಲ್ಲವೇ ಇಲ್ಲ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ನಾವು ಇಳಿಸಿಕೊಂಡ ಸಾಲನ್ನು. ಮೊದಲ k + 1 ಅನ್ನು k − 1 ಎಂದು ಓದಿದರೆ k = 1, k = 2 ಬರುತ್ತವೆ. ಅದರಲ್ಲಿ 1 ಹಾಕಿದರೆ x ಇರುವ ಪದಗಳೆಲ್ಲ ಅಳಿಸಿಹೋಗಿ 1 = 0 ಉಳಿಯುತ್ತದೆ. ಇದೂ ಒಂದು ಎಚ್ಚರಿಕೆಯೇ.

ಎಲ್ಲ ತಪ್ಪೂ ಹೀಗೆ ಸಿಕ್ಕಿಬೀಳುವುದಿಲ್ಲ. ನಡುವಿನ −2 ಅನ್ನು +2 ಎಂದು ಓದಿದರೂ b ವರ್ಗವಾಗುವುದರಿಂದ k ಅದೇ 0, 3. ಮೂಲಗಳು ಮಾತ್ರ 1 ಮತ್ತು −½ ಎಂದು ತಿರುಗಿಕೊಳ್ಳುತ್ತವೆ. k ಯನ್ನು ಸಮೀಕರಣದಲ್ಲಿ ಹಾಕಿ ತಾಳೆ ನೋಡಿದರೂ ಈ ತಪ್ಪು ಕಾಣದು, ಏಕೆಂದರೆ ತಾಳೆ ನೋಡಿದ್ದು ತಪ್ಪಾಗಿ ಇಳಿಸಿದ ಸಾಲಿಗೇ. ಆದ್ದರಿಂದ ಫೋಟೊ ಕಳಿಸುವಾಗ ಸಮೀಕರಣವನ್ನು ಕೆಳಗೆ ಟೈಪ್ ಮಾಡಿಯೂ ಕಳಿಸಿ.