ವ್ಯಾಖ್ಯೆಯಿಂದ ಸಾಧನೆಗೆ: ಸಮ ಮತ್ತು ಬೆಸ ಸಂಖ್ಯೆಗಳ ಉದಾಹರಣೆ

ಪದವಿ ತರಗತಿಯ ಗಣಿತವನ್ನು ಆರಂಭಿಸುವ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಲೆಕ್ಕ ಮಾಡುವುದರಲ್ಲಿ ಇರುವುದಿಲ್ಲ. ಸಾಧನೆಯ ಮೊದಲ ಸಾಲಾಗಿ ಏನನ್ನು ಬರೆಯಬೇಕೆಂಬುದರಲ್ಲಿ ಇರುತ್ತದೆ. ಸರಳ ಸಾಧನೆಗಳಲ್ಲಿ ಆ ಸಾಲನ್ನು ವ್ಯಾಖ್ಯೆಯೇ ಒದಗಿಸುತ್ತದೆ. ದತ್ತದಲ್ಲಿರುವ ಪದದ ವ್ಯಾಖ್ಯೆ ಆರಂಭವನ್ನು ಕೊಟ್ಟರೆ, ಸಾಧನೀಯದಲ್ಲಿರುವ ಪದದ ವ್ಯಾಖ್ಯೆ ತಲುಪಬೇಕಾದ ಸ್ಥಳವನ್ನು ತೋರಿಸುತ್ತದೆ.

‘ಎರಡು ಬೆಸ ಪೂರ್ಣಾಂಕಗಳ ಮೊತ್ತ ಸಮ’ ಎಂಬ ಹೇಳಿಕೆಯನ್ನು ತೆಗೆದುಕೊಳ್ಳಬಹುದು. 3 + 7 = 10, 5 + 9 = 14 ಎಂದು ಎಷ್ಟು ಉದಾಹರಣೆಗಳನ್ನು ಕೊಟ್ಟರೂ ಅದು ಸಾಧನೆಯಾಗದು; ಏಕೆಂದರೆ ಹೇಳಿಕೆ ಎಲ್ಲ ಬೆಸ ಸಂಖ್ಯೆಗಳನ್ನೂ ಕುರಿತದ್ದು. ಇಲ್ಲಿ ಬೇಕಾದ ವ್ಯಾಖ್ಯೆಗಳು ಎರಡು. n = 2k ಆಗುವಂತಹ ಪೂರ್ಣಾಂಕ k ಇದ್ದರೆ n ಸಮ; n = 2k + 1 ಆಗುವಂತಹ ಪೂರ್ಣಾಂಕ k ಇದ್ದರೆ n ಬೆಸ.

ಸಾಧನೆ: m ಮತ್ತು n ಬೆಸ ಪೂರ್ಣಾಂಕಗಳಾಗಿರಲಿ. ವ್ಯಾಖ್ಯೆಯಂತೆ m = 2a + 1, n = 2b + 1 ಆಗುವ ಪೂರ್ಣಾಂಕಗಳು a, b ಇವೆ. ಆದ್ದರಿಂದ m + n = 2a + 2b + 2 = 2(a + b + 1). a + b + 1 ಪೂರ್ಣಾಂಕವಾದುದರಿಂದ, ವ್ಯಾಖ್ಯೆಯಂತೆ m + n ಸಮ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಎರಡು ಸಂಖ್ಯೆಗಳಿಗೂ k ಎಂಬ ಒಂದೇ ಅಕ್ಷರವನ್ನು ಬಳಸುವುದು. m = 2k + 1, n = 2k + 1 ಎಂದು ಬರೆದೊಡನೆ m = n ಎಂದು ಒಪ್ಪಿಕೊಂಡಂತಾಗುತ್ತದೆ. ಕೊನೆಯಲ್ಲಿ 2(2k + 1) ಎಂಬ ಸಮ ಸಂಖ್ಯೆಯೇ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಗುರುತಿಸಲು m = 3, n = 7 ಎಂದು ಆದೇಶಿಸಿ ನೋಡಬೇಕು: ಆಗ k ಏಕಕಾಲಕ್ಕೆ 1 ಮತ್ತು 3 ಎರಡೂ ಆಗಬೇಕಾಗುತ್ತದೆ. ಅಲ್ಲದೆ ಮೊತ್ತ 4k + 2 ಎಂದಾದರೆ ಅದು ಎಂದೂ 4ರಿಂದ ಭಾಗವಾಗಬಾರದು; ಆದರೆ 3 + 5 = 8.

ಕೆಲವೊಮ್ಮೆ ದತ್ತದಿಂದ ಹೊರಟರೆ ದಾರಿ ಮುಚ್ಚಿಹೋಗುತ್ತದೆ. ‘n² ಸಮವಾದರೆ n ಸಮ’ ಎಂಬಲ್ಲಿ n² = 2k ಎಂದು ಬರೆದು ವರ್ಗಮೂಲ ತೆಗೆದರೆ ಮುಂದೆ ಹೋಗಲಾಗದು. ಪ್ರತಿ ಪೂರ್ಣಾಂಕವೂ ಸಮ ಇಲ್ಲವೆ ಬೆಸ, ಎರಡೂ ಆಗಲಾರದು. ಆದುದರಿಂದ ‘n ಬೆಸವಾದರೆ n² ಬೆಸ’ ಎಂದು ಸಾಧಿಸಿದರೆ ಸಾಕು. n = 2k + 1 ಆದಾಗ n² = 4k² + 4k + 1 = 2(2k² + 2k) + 1; ಇದು ಬೆಸ. ಆದರೆ ಇದರ ಬದಲು ‘n ಸಮವಾದರೆ n² ಸಮ’ ಎಂದು ತೋರಿಸಿದರೆ ಅದು ವಿಲೋಮದ ಸಾಧನೆಯಾಗುವುದೇ ಹೊರತು ಕೇಳಿದ ಹೇಳಿಕೆಯದಲ್ಲ.

ತರಗತಿಯಲ್ಲಿ ಒಂದೇ ಅಕ್ಷರ ಬಳಸಿದ ದೋಷಯುಕ್ತ ಸಾಧನೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಅದು ಯಾವ m, n ಗಳಿಗೆ ಮಾತ್ರ ಅನ್ವಯಿಸುತ್ತದೆಂದು ಕೇಳಬಹುದು. ಅನಂತರ ಸರಿಯಾದ ಸಾಧನೆಯ ಪ್ರತಿ ಸಾಲಿನ ಮುಂದೆ ‘ದತ್ತ’, ‘ವ್ಯಾಖ್ಯೆ’, ‘ಬೀಜಗಣಿತ’ ಎಂಬ ಕಾರಣಗಳಲ್ಲಿ ಒಂದನ್ನು ವಿದ್ಯಾರ್ಥಿಗಳಿಂದಲೇ ಬರೆಸಬಹುದು. ಕಾರಣ ಬರೆಯಲಾಗದ ಸಾಲನ್ನೇ ಮತ್ತೆ ಪರಿಶೀಲಿಸಬೇಕು.